ಜನಕನ ಯಜ್ಞಶಾಲೆಯಿಂದ ಶುರು ಮಾಡಿ

"ಸರ್, ಲೇಖನ ಕಳ್ಸಿದೀನಿ. ಪುರೋಹಿತರ ಯಜ್ಞಗಳಿಂದ ಬೇಸತ್ತ ಋಷಿಗಳು ಕಾಡಿಗೆ ಹೋಗಿ ಉಪನಿಷತ್ತು ಬರೆದ್ರು, ಸನ್ಯಾಸ ಹುಟ್ಟಿದ್ದೂ ಹಂಗೇ ಅನ್ನೋದು ನನ್ನ ವಾದ. ಹಾಕ್ತೀರಾ? ಇಲ್ಲಾಂದ್ರೆ ಏನು ತಿದ್ಬೇಕು ನೇರವಾಗಿ ಹೇಳಿ."

ಈಗಿರೋ ಹಂಗೆ ಹಾಕೋಕಾಗಲ್ಲ. ಭಾಷೆ ಚೆನ್ನಾಗಿದೆ, ತೊಂದರೆ ಇರೋದು ವಾದದಲ್ಲಿ. ನೀವು ಆಧಾರ ಮಾಡ್ಕೊಂಡಿರೋ ಬೃಹದಾರಣ್ಯಕ ಉಪನಿಷತ್ತು ಶತಪಥ ಬ್ರಾಹ್ಮಣದ ಕೊನೇ ಕಾಂಡದಲ್ಲೇ ಇದೆ, ಅಂದ್ರೆ ಯಜ್ಞ ಹೇಗೆ ಮಾಡ್ಬೇಕು ಯಾಕೆ ಮಾಡ್ಬೇಕು ಅಂತ ವಿವರಿಸೋ ಗ್ರಂಥದ್ದೇ ಬಾಲ ಅದು. ಶುರುವಾಗೋದೇ ಅಶ್ವಮೇಧದ ಕುದುರೆಯಿಂದ: ಉಷಸ್ಸು ಅದರ ತಲೆ, ಸೂರ್ಯ ಕಣ್ಣು, ಗಾಳಿ ಉಸಿರು. ಯಜ್ಞದ ಅರ್ಥ ಹುಡುಕ್ತಾ ಹುಡುಕ್ತಾ ಅದರೊಳಗಿಂದ್ಲೇ ಬಂದವರ ಮಾತು ಇದು. ಇನ್ನೊಂದು, ಆಗ ಯಾರೂ "ಬರೀತಾ" ಇರ್ಲಿಲ್ಲ, ಎಲ್ಲ ಬಾಯಿಪಾಠ, ಆ ಪದ ತೆಗೀರಿ.

ಆ ಉಪನಿಷತ್ತಿನ ಮೂರನೇ ಅಧ್ಯಾಯಾನ ನೀವು ಒಂದು ಸಾಲಲ್ಲಿ ಮುಗಿಸಿದೀರ, ನನಗೆ ಬೇಜಾರಾಗಿದ್ದು ಅಲ್ಲೇ. ವಿದೇಹದ ಜನಕ ಭಾರೀ ದಕ್ಷಿಣೆಯ ಯಜ್ಞ ಮಾಡ್ತಿದಾನೆ, ಬಂದ ಪಂಡಿತರಲ್ಲಿ ಎಲ್ಲರಿಗಿಂತ ತಿಳಿದವನಿಗೆ ಅಂತ ಸಾವಿರ ಹಸು ಕಟ್ಟಿಸಿದಾನೆ, ಒಂದೊಂದರ ಕೊಂಬಿಗೂ ಹತ್ತು ಪಾದ ತೂಕದ ಚಿನ್ನ, ಋಷಿ ಯಾಜ್ಞವಲ್ಕ್ಯ ಚರ್ಚೆಗೆ ಮುಂಚೇನೇ ಅವನ್ನ ಹೊಡ್ಕೊಂಡು ಹೋಗು ಅಂತ ಶಿಷ್ಯನಿಗೆ ಹೇಳ್ತಾನೆ. ಮೊದಲು ಎದ್ದು ಕೇಳೋನು ಜನಕನ ಹೋತೃ, ಅಂದ್ರೆ ಯಜ್ಞದಲ್ಲಿ ಋಗ್ವೇದದ ಮಂತ್ರ ಹೇಳೋ ಪುರೋಹಿತ, ಅಶ್ವಲ, ಕೇಳೋದೂ ಯಜ್ಞದ್ದೇ ಪ್ರಶ್ನೆ: ಎಲ್ಲಾನೂ ಸಾವಿನ ಹಿಡಿತದಲ್ಲಿರೋವಾಗ ಯಜ್ಞ ಮಾಡಿಸೋ ಯಜಮಾನ ಅದರಿಂದ ಬಿಡಿಸ್ಕೊಳ್ಳೋದು ಹೇಗೆ? ಯಾಜ್ಞವಲ್ಕ್ಯ ಹೋತೃ, ಅಗ್ನಿ, ವಾಕ್ಕು ಅಂತ ಯಜ್ಞದ ಲೆಕ್ಕದಲ್ಲೇ ಉತ್ತರ ಕೊಡ್ತಾನೆ. ಆಮೇಲೆ ಆರ್ತಭಾಗ, ಸತ್ತವನು ಎಲ್ಲಿಗೆ ಹೋಗ್ತಾನೆ ಅಂತಾನೆ, ಅವನನ್ನ ಪಕ್ಕಕ್ಕೆ ಕರ್ಕೊಂಡು ಹೋಗಿ ಯಾಜ್ಞವಲ್ಕ್ಯ ಮಾತಾಡಿದ್ದು ಕರ್ಮದ ಬಗ್ಗೆ. ಕಹೋಲ ಕೇಳೋ ಹೊತ್ತಿಗೆ ಉತ್ತರ ಎಲ್ಲಿಗೆ ಬಂದಿದೆ ನೋಡಿ: ಆತ್ಮವನ್ನ ತಿಳಿದವರು ಮಗ ಬೇಕು, ಸಂಪತ್ತು ಬೇಕು, ಲೋಕಗಳು ಬೇಕು ಅನ್ನೋ ಮೂರೂ ಆಸೆ ಬಿಟ್ಟು ಭಿಕ್ಷೆಗೆ ಹೊರಡ್ತಾರೆ. ನೀವು ಹೇಳೋಕೆ ಹೊರಟ ಬದಲಾವಣೆ ಪೂರ್ತಿ ಆ ಒಂದು ಸಭೆಯಲ್ಲೇ ಇದೆ.

ಬಿಡೋದು ಈ ಮೂರು ಆಸೇನೇ ಯಾಕೆ ಅಂತ ಕೇಳ್ಕೊಂಡಿದ್ರೆ ಸನ್ಯಾಸದ ಭಾಗ ತಾನಾಗೇ ಗಟ್ಟಿಯಾಗ್ತಿತ್ತು. ಅದೇ ಉಪನಿಷತ್ತಿನ ಮೊದಲ ಅಧ್ಯಾಯದಲ್ಲಿ ಮನುಷ್ಯನ ಆಸೆಗಳ ಸಾಲಿದೆ: ಹೆಂಡತಿ ಬೇಕು, ಮಕ್ಕಳಾಗ್ಬೇಕು, ಸಂಪತ್ತು ಬೇಕು, ಆಗ ಕರ್ಮ ಮಾಡ್ಬೋದು. ಪತ್ನಿ ಇಲ್ದೆ ವೇದದ ವಿಧಿಯ ದೊಡ್ಡ ಯಜ್ಞಗಳು, ಅಂದ್ರೆ ಶ್ರೌತಯಜ್ಞ, ಇಲ್ಲ, ಹಣ ಇಲ್ದೆ ದಕ್ಷಿಣೆ ಇಲ್ಲ, ಹಾಗಾಗಿ ಮನೆ ಬಿಟ್ಟವನು ಯಜ್ಞಕ್ಕೆ ಬೇಕಾದ್ದನ್ನೆಲ್ಲ ಒಟ್ಟಿಗೇ ಬಿಟ್ಟ ಹಾಗೆ. ಯಾಜ್ಞವಲ್ಕ್ಯ ಮನೆ ಬಿಡೋವಾಗ ಹೆಂಡತಿಯರಾದ ಮೈತ್ರೇಯಿಗೂ ಕಾತ್ಯಾಯನಿಗೂ ಆಸ್ತಿ ಹಂಚೋ ಮಾತಾಡೋ ಪ್ರಸಂಗಾನ ಇಲ್ಲಿಗೆ ತನ್ನಿ, ಈಗದು ಸುಮ್ನೆ ಕೊನೇಲಿ ಕೂತಿದೆ.

"ಯಜ್ಞಗಳು ನಿಂತುಹೋದವು" ಅನ್ನೋ ವಾಕ್ಯ ಮಾತ್ರ ತೆಗೀಲೇಬೇಕು. ನಮ್ಮ ಬಾದಾಮಿಯ ಬಂಡೆಶಾಸನದಲ್ಲೇ, ಕ್ರಿ.ಶ. 543ರಲ್ಲಿ, ಒಂದನೇ ಪುಲಕೇಶಿ ಅಶ್ವಮೇಧ ಮಾಡಿದ ಅಂತಿದೆ. ಮುಂಡಕ ಉಪನಿಷತ್ತಲ್ಲಿ ಯಜ್ಞಗಳನ್ನ ಗಟ್ಟಿಯಿಲ್ಲದ ದೋಣಿ ಅಂತ ಕರೆದಿರೋದು ನಿಜ, ಅಂಥ ಖಾರದ ಮಾತು ಇತ್ತು ಅಂತ ಬರೀರಿ, ಆದ್ರೆ ಅದನ್ನೇ ಎಲ್ಲ ಉಪನಿಷತ್ತುಗಳ ಬಾಯಿಗೆ ಹಾಕ್ಬೇಡಿ. ಈ ಸಭೆ ಒಂದನ್ನೇ ಇಟ್ಕೊಂಡು ಮತ್ತೆ ಬರೆದು ಕಳ್ಸಿ, ನಾನೇ ಓದ್ತೀನಿ.