ಹಳದಿ ತ್ರಿಕೋನ ಮತ್ತು ಟ್ಯಾಂಕಿಗೆ 4 ಮಿ.ಲೀ.

ಪ್ರಶ್ನೆ: ಹತ್ತಿಯ ಜಿಗಿಹುಳಕ್ಕೆ ಶೇ. 17.8ರ ಇಮಿಡಾಕ್ಲೋಪ್ರಿಡ್ ತಂದಿದ್ದೇನೆ. ಬಾಟಲಿಯ ಮೇಲೆ ಹಳದಿ ಗುರುತು ಇದೆ. ಕೆಂಪು ಇದ್ದರೆ ಪವರ್ ಜಾಸ್ತಿ ಅನ್ನುತ್ತಾರೆ, ಹೌದೇ? ಒಳಗಿನ ಚೀಟಿಯಲ್ಲಿ ಹೆಕ್ಟೇರಿಗೆ 125 ಮಿ.ಲೀ., ನೀರು 500 ಲೀಟರ್, ಕೊನೆಯಲ್ಲಿ 40 ಎಂದಿದೆ. ನನ್ನದು ಒಂದು ಎಕರೆ, 16 ಲೀಟರಿನ ಪಂಪು. ಟ್ಯಾಂಕಿಗೆ ಎಷ್ಟು ಹಾಕಬೇಕು?

ಸಂಪಾದಕರ ಉತ್ತರ: ಬಣ್ಣ ಹೇಳುವುದು ಔಷಧಿಯು ಮನುಷ್ಯನ ದೇಹಕ್ಕೆ ಎಷ್ಟು ವಿಷ ಎಂಬುದನ್ನೇ ಹೊರತು ಹುಳುವನ್ನು ಎಷ್ಟು ಚೆನ್ನಾಗಿ ಕೊಲ್ಲುತ್ತದೆ ಎಂಬುದನ್ನಲ್ಲ. ನಮ್ಮ ದೇಶದ 1971ರ ಕೀಟನಾಶಕ ನಿಯಮಗಳ ಪ್ರಕಾರ ಕೆಂಪು ಅತ್ಯಂತ ವಿಷಕಾರಿ, ಅದರಲ್ಲಿ ತಲೆಬುರುಡೆ ಮತ್ತು ಅಡ್ಡ ಎಲುಬುಗಳ ಚಿತ್ರವೂ ಇರುತ್ತದೆ. ಹಳದಿ ಅದರ ನಂತರದ್ದು, ಬುರುಡೆಯಿಲ್ಲದಿದ್ದರೂ ‘ವಿಷ’ ಎಂಬ ಎಚ್ಚರಿಕೆ ಇದ್ದೇ ಇರುತ್ತದೆ. ನೀಲಿ ಮತ್ತು ಹಸಿರು ಕ್ರಮವಾಗಿ ಕಡಿಮೆ. ಹಸಿರು ಎಂದರೆ ಬರಿಗೈಯಲ್ಲಿ ಮುಟ್ಟಬಹುದು ಎಂದಲ್ಲ, ಹಳದಿಯಂತೂ ಕೈಗವಸು, ಮುಖಗವಸು, ತುಂಬುತೋಳಿನ ಅಂಗಿ ಕೇಳುವ ಬಣ್ಣ.

ಇನ್ನು ಅಳತೆ. ಹೆಕ್ಟೇರು ಎಂದರೆ 2.47 ಎಕರೆ. 125 ಮಿ.ಲೀ. ಅನ್ನು 2.47ರಿಂದ ಭಾಗಿಸಿದರೆ ನಿಮ್ಮ ಎಕರೆಗೆ 50.6 ಮಿ.ಲೀ. ಔಷಧಿ, 500 ಲೀಟರನ್ನು ಹಾಗೆಯೇ ಭಾಗಿಸಿದರೆ ಸುಮಾರು 202 ಲೀಟರ್ ನೀರು ಸಿಗುತ್ತದೆ. ಲೀಟರಿಗೆ 0.25 ಮಿ.ಲೀ. ಆಯಿತು, ಅಂದರೆ 16 ಲೀಟರಿನ ಟ್ಯಾಂಕಿಗೆ 4 ಮಿ.ಲೀ. ಹನ್ನೆರಡು ಟ್ಯಾಂಕಿಗೆ 192 ಲೀಟರ್, 48 ಮಿ.ಲೀ. ಮುಗಿಯುತ್ತದೆ, ಉಳಿದ 10 ಲೀಟರಿಗೆ 2.5 ಮಿ.ಲೀ. ಸಾಕು. ಬಾಟಲಿಯ ಮುಚ್ಚಳದಿಂದ ಅಳೆಯಬೇಡಿ, ಮುಚ್ಚಳಗಳ ಗಾತ್ರ ಒಂದೇ ಇರುವುದಿಲ್ಲ. ಗೆರೆಗಳಿರುವ 5 ಮಿ.ಲೀ. ಸಿರಿಂಜನ್ನು, ಸೂಜಿ ತೆಗೆದು, ಈ ಕೆಲಸಕ್ಕಷ್ಟೇ ಮೀಸಲಿಡಿ. ಟ್ಯಾಂಕಿಗೆ ಅರ್ಧ ನೀರು ತುಂಬಿ, ಔಷಧಿ ಬೆರೆಸಿ, ಬಳಿಕ ಉಳಿದ ನೀರು ಹಾಕಿ.

ಆದರೆ ಲೆಕ್ಕ ಸರಿಯಿದ್ದೂ ಸಿಂಪಡಣೆ ತಪ್ಪುವುದು ನಡಿಗೆಯಲ್ಲಿ. ಚೀಟಿ ನಿಗದಿ ಮಾಡಿರುವುದು ಟ್ಯಾಂಕಿನ ಪ್ರಮಾಣವನ್ನಲ್ಲ, ನೆಲದ ವಿಸ್ತೀರ್ಣಕ್ಕೆ ಬೀಳಬೇಕಾದ ಔಷಧಿಯನ್ನು. ಬಿರಬಿರನೆ ನಡೆದು ಎಂಟು ಟ್ಯಾಂಕಿನಲ್ಲಿ ಎಕರೆ ಮುಗಿಸಿದರೆ ಬಿದ್ದದ್ದು 32 ಮಿ.ಲೀ. ಮಾತ್ರ, ಹುಳು ಉಳಿಯುತ್ತದೆ, ರೈತ ಔಷಧಿ ನಕಲಿ ಎಂದು ಬೈದು ಮುಂದಿನ ಬಾರಿ ದುಪ್ಪಟ್ಟು ಹಾಕುತ್ತಾನೆ. ಹಾಗಾಗದಿರಲು ಮೊದಲು ಬರೀ ನೀರು ತುಂಬಿ ಎಂದಿನಂತೆ ಸಿಂಪಡಿಸಿ, ಒಂದು ಟ್ಯಾಂಕು ಎಷ್ಟು ಜಾಗಕ್ಕೆ ಬಂತೆಂದು ಅಳೆಯಿರಿ. ಸುಮಾರು 3,450 ಚದರ ಅಡಿ, ಅಂದರೆ ಮೂರು ಗುಂಟೆಗಿಂತ ತುಸು ಹೆಚ್ಚು ಬಂದರೆ ನಿಮ್ಮ ನಡಿಗೆ ಸರಿ. ಅದಕ್ಕಿಂತ ಹೆಚ್ಚು ಜಾಗಕ್ಕೆ ಬಂದರೆ ನಿಧಾನಿಸಿ. ಟ್ಯಾಂಕಿಗೆ ಔಷಧಿ ಹೆಚ್ಚಿಸುವುದು ಪರಿಹಾರವಲ್ಲ, ಏಕೆಂದರೆ ನೀರು 202 ಲೀಟರಿಗಿಂತ ಕಡಿಮೆಯಾದರೆ ಜಿಗಿಹುಳ ಅಡಗಿರುವ ಎಲೆಯ ಅಡಿಭಾಗ ನೆನೆಯುವುದಿಲ್ಲ.

ಕೊನೆಯ ಕಾಲಮ್ಮಿನ 40 ದಿನಗಳ ಲೆಕ್ಕ: ಕೊನೆಯ ಸಿಂಪಡಣೆಗೂ ಮೊದಲ ಬಿಡಿಸುವಿಕೆಗೂ ನಡುವೆ ಅಷ್ಟು ದಿನ ಕಳೆದಿರಬೇಕು. ಈ ಅಂಕಿಗಳೆಲ್ಲ ಹತ್ತಿಯ ಸಾಲಿನವು. ಅದೇ ಬಾಟಲಿಯನ್ನು ಮೆಣಸಿನಕಾಯಿಗೆ ಬಳಸುವುದಾದರೆ ಆ ಬೆಳೆಯ ಸಾಲನ್ನು ಓದಿ, ಮತ್ತೆ ಮೊದಲಿನಿಂದ ಭಾಗಿಸಿ.