ಕೆಳಗಿನಿಂದ ತೆಗೆದ ಫೋಟೋದಲ್ಲಿ ಡಬಲ್ ಚಿನ್: ನೆರಳಿನಿಂದ ಕಡಿಮೆ ಮಾಡುವುದು ಹೇಗೆ?

ಪ್ರಶ್ನೆ: ಗೋವಾಕ್ಕೆ ಹೋದಾಗ ನನ್ನ ತಮ್ಮ ಮರಳಲ್ಲಿ ಕೂತು ಅಮ್ಮನ ಫೋಟೋ ತೆಗೆದ. ಅಮ್ಮ ನಿಂತಿದ್ದರು. ನಗು ತುಂಬಾ ಚೆನ್ನಾಗಿ ಬಂದಿದೆ, ಆದ್ರೆ ನಿಜದಲ್ಲಿ ಇಲ್ಲದ ಡಬಲ್ ಚಿನ್ ಕಾಣುತ್ತಿದೆ. ಮುಖದ ಆಕಾರ ಬದಲಾಯಿಸದೆ ಫೋಟೋಶಾಪ್‌ನಲ್ಲಿ ಸರಿ ಮಾಡಬಹುದಾ?

ಮಾಡಬಹುದು. ನಾನು ವಾಸ್ಕೋದಲ್ಲಿ ಮದುವೆ ಫೋಟೋಗಳ ರೀಟಚಿಂಗ್ ಮಾಡುತ್ತೇನೆ. ಬೀಚ್ ಫೋಟೋಗಳಲ್ಲಿ ಈ ತೊಂದರೆ ಜಾಸ್ತಿ. ಕ್ಯಾಮೆರಾ ಕೆಳಗಿದ್ದರೆ ಸಾಮಾನ್ಯವಾಗಿ ಮರೆಯಲ್ಲಿರುವ ಗದ್ದದ ಅಡಿಭಾಗ ಎದುರಿಗೆ ಬರುತ್ತದೆ, ನಿಂತವರು ಕ್ಯಾಮೆರಾ ನೋಡಲು ತಲೆ ತಗ್ಗಿಸಿದರೆ ಅಲ್ಲಿನ ಚರ್ಮ ಮಡಿಚಿಕೊಳ್ಳುತ್ತದೆ. ಅದರ ಮೇಲೆ ಮರಳಿಗೆ ಬಿದ್ದ ಬಿಸಿಲು ತಿರುಗಿ ಮೇಲಕ್ಕೆ ಹೊಡೆಯುತ್ತದೆ. ಹಾಗಾಗಿ ನೆರಳಿರಬೇಕಾದ ಜಾಗ ಕೆನ್ನೆಯಷ್ಟೇ ಬೆಳ್ಳಗೆ ಕಾಣುತ್ತದೆ.

ಫೋಟೋ ದೊಡ್ಡದು ಮಾಡಿ ನೋಡಿ. ಗದ್ದದ ಕೆಳಗೆ ಒಂದು ಕಪ್ಪು ಗೆರೆ, ಅದರ ಕೆಳಗೆ ಒಂದು ಬೆಳಗುವ ಉಬ್ಬು ಇರುತ್ತದೆ. ಎಲ್ಲರೂ ಮೊದಲು ಆ ಗೆರೆಯನ್ನೇ ಅಳಿಸಲು ಹೋಗುತ್ತಾರೆ. ಆದ್ರೆ ಎರಡನೇ ಗದ್ದ ಅನಿಸುವುದು ಆ ಉಬ್ಬಿನ ಮೇಲಿನ ಬೆಳಕಿನಿಂದ. ಆ ಬೆಳಕನ್ನು ತಗ್ಗಿಸಿದರೆ ಉಬ್ಬು ಕುತ್ತಿಗೆಯ ಜೊತೆ ಸೇರಿಕೊಳ್ಳುತ್ತದೆ, ಅರ್ಧಕ್ಕಿಂತ ಹೆಚ್ಚು ಕೆಲಸ ಅಲ್ಲಿಗೇ ಮುಗಿಯುತ್ತದೆ.

ಒಂದು Curves ಲೇಯರ್ ಹಾಕಿ, ಅದರ ಗ್ರಾಫ್‌ನಲ್ಲಿರುವ ಓರೆ ಗೆರೆಯ ಮಧ್ಯ ಹಿಡಿದು ಕೆಳಗೆ ಎಳೆಯಿರಿ. Input 128 ಇದ್ದರೆ Output 75ರ ಹತ್ತಿರ ಸಾಕು. ಇಡೀ ಫೋಟೋ ಕಪ್ಪಾಗುತ್ತದೆ, ಗಾಬರಿ ಬೇಡ. ಲೇಯರ್‌ನ ಮಾಸ್ಕ್ ಮೇಲೆ ಕ್ಲಿಕ್ ಮಾಡಿ Ctrl+I ಒತ್ತಿದರೆ ಎಲ್ಲ ಮೊದಲಿನಂತಾಗುತ್ತದೆ. ಈಗ ಬಿಳಿ ಬಣ್ಣದ ಬ್ರಷ್ ತೆಗೆದುಕೊಂಡು, Hardness 0, Flow 3ರಿಂದ 5 ಪರ್ಸೆಂಟ್ ಇಟ್ಟು, ಉಬ್ಬಿನ ಮೇಲೆ ನಿಧಾನವಾಗಿ ಮತ್ತೆ ಮತ್ತೆ ಆಡಿಸಿ. ಬ್ರಷ್ ಉಬ್ಬಿನಷ್ಟೇ ಅಗಲ ಇರಲಿ, ಸಣ್ಣ ಬ್ರಷ್ ಆದರೆ ಪಟ್ಟೆ ಪಟ್ಟೆ ಬೀಳುತ್ತದೆ. ನೇರವಾಗಿ ಫೋಟೋ ಮೇಲೆ ಕಪ್ಪು ಬಣ್ಣ ಹಚ್ಚಬೇಡಿ, ಚರ್ಮದ ರಂಧ್ರಗಳೆಲ್ಲ ಮುಚ್ಚಿ ಮಸಿ ಮೆತ್ತಿದ ಹಾಗೆ ಕಾಣುತ್ತದೆ.

ನೆರಳು ಗದ್ದದ ನಡುವಿನ ಕೆಳಗೆ ಹೆಚ್ಚು ಗಾಢವಾಗಿರಬೇಕು. ಅಲ್ಲಿಂದ ಕಿವಿಯ ಕಡೆಗೂ ಕೆಳಗೆ ಕುತ್ತಿಗೆಯ ಕಡೆಗೂ ಹೋಗುತ್ತಾ ಕರಗಬೇಕು. ದವಡೆಯ ಅಂಚು ಮಾತ್ರ ಬೆಳಕಿನಲ್ಲೇ ಇರಲಿ, ಆದ್ರೆ ಅದರ ಉದ್ದಕ್ಕೂ ಗೆರೆ ಎಳೆದಂತೆ ನೆರಳು ಕೂರಿಸಿದರೆ ಮುಖವಾಡ ಹಾಕಿದಂತಾಗುತ್ತದೆ.

ಎಷ್ಟು ಕಪ್ಪು ಮಾಡಬೇಕು ಅನ್ನೋದನ್ನು ಆ ಫೋಟೋನೇ ಹೇಳುತ್ತದೆ. ಮೂಗಿನ ಕೆಳಗಿನ ನೆರಳು ನೋಡಿ, ಅದಕ್ಕಿಂತ ಗಾಢವಾಗಿ ಎಲ್ಲೂ ಹೋಗಬೇಡಿ. ಮೀರಾಮಾರ್ ಬೀಚ್‌ನಲ್ಲಿ ತೆಗೆದ ಇಂಥದ್ದೇ ಒಂದು ಫೋಟೋ ನನ್ನ ಹತ್ರ ಬಂದಿತ್ತು, ಸಂಜೆ ಬಿಸಿಲು, ಕುತ್ತಿಗೆಯಲ್ಲಿ ಕರಿಮಣಿ ಸರ ಹಾಕಿದ್ದ ಒಬ್ಬ ಅತ್ತೆ. Info ಪ್ಯಾನೆಲ್‌ನಲ್ಲಿ ಕೆಂಪು ಚಾನೆಲ್ ಕೆನ್ನೆಯಲ್ಲಿ ಸುಮಾರು 200, ಗದ್ದದ ಕೆಳಗಿನ ಉಬ್ಬಿನಲ್ಲಿ 190, ಮೂಗಿನ ಕೆಳಗೆ 140 ತೋರಿಸುತ್ತಿತ್ತು. ಉಬ್ಬನ್ನು 155ಕ್ಕೆ ಇಳಿಸಿ ನಿಲ್ಲಿಸಿದೆ. ಬಿಸಿಲು ಬಲಗಡೆಯಿಂದ ಬರುತ್ತಿತ್ತು, ಹಾಗಾಗಿ ಎಡಗಡೆ ಸ್ವಲ್ಪ ಹೆಚ್ಚು ಕಪ್ಪು ಮಾಡಿದೆ. ಕರಿಮಣಿಯ ನಡುವಿನ ಚಿನ್ನದ ಗುಂಡುಗಳ ಮೇಲೆ ಹರಡಿದ್ದ ನೆರಳನ್ನು ಮಾಸ್ಕ್‌ನಲ್ಲಿ ಕಪ್ಪು ಬ್ರಷ್‌ನಿಂದ ಒರೆಸಿ ತೆಗೆದೆ, ಇಲ್ಲದಿದ್ದರೆ ಚಿನ್ನ ಮಂಕಾಗಿ ಕೈ ಆಡಿಸಿದ್ದು ತಕ್ಷಣ ಗೊತ್ತಾಗುತ್ತದೆ.

ಆಮೇಲೆ ಆ ಮಡಿಕೆ ಗೆರೆ. ಇನ್ನೊಂದು Curves ಲೇಯರ್, ಈ ಸಲ ಮಧ್ಯ ಹಿಡಿದು ಸ್ವಲ್ಪ ಮೇಲಕ್ಕೆ, Input 128ಕ್ಕೆ Output 140. ಮತ್ತೆ Ctrl+I. ಗೆರೆಯಷ್ಟೇ ತೆಳುವಾದ ಬ್ರಷ್‌ನಿಂದ ಅದರ ಮೇಲೆ ಮಾತ್ರ ಹೋಗಿ, ಅರ್ಧ ಮಾಸಿದರೆ ಸಾಕು. ಅಮ್ಮನ ವಯಸ್ಸಿನವರ ಕುತ್ತಿಗೆಯಲ್ಲಿ ಒಂದೂ ಗೆರೆ ಇಲ್ಲದಿದ್ದರೆ ಪ್ಲಾಸ್ಟಿಕ್ ಗೊಂಬೆ ತರ ಕಾಣುತ್ತದೆ ಅಲ್ವಾ.

ಕಪ್ಪು ಮಾಡಿದ ಜಾಗ ಕೇಸರಿ ಬಣ್ಣಕ್ಕೆ ತಿರುಗಿದರೆ ಆ ಲೇಯರ್‌ನ ಬ್ಲೆಂಡ್ ಮೋಡ್ Luminosity ಮಾಡಿ. ಅದರಿಂದ ಚರ್ಮ ಬೂದಿ ಬಣ್ಣಕ್ಕೆ ಬಂದರೆ Normalಗೇ ವಾಪಸ್ ತಂದು Opacity ಇಳಿಸಿ. ನಮ್ಮ ಗೋಧಿ ಮೈಬಣ್ಣಕ್ಕೆ ನೆರಳಿನಲ್ಲಿ ತುಸು ಕೆಂಪು ಇದ್ದರೇ ಸಹಜ.

ಮುಗಿದ ಮೇಲೆ ಫೋಟೋವನ್ನು ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ ನೋಡಿ. ಗದ್ದದ ಕೆಳಗೆ ಗಡ್ಡ ಬಿಟ್ಟಂತೆ ಕಂಡರೆ ಜಾಸ್ತಿಯಾಗಿದೆ ಅಂತ ಅರ್ಥ, ಕಪ್ಪು ಮಾಡಿದ ಲೇಯರ್‌ನ Opacity 60-70ಕ್ಕೆ ತನ್ನಿ.

ಇದು ಮುಖ ಎದುರಿಗಿರುವ ಅಥವಾ ಸ್ವಲ್ಪ ವಾರೆಯಾಗಿರುವ ಫೋಟೋಗೆ ಮಾತ್ರ. ಪಕ್ಕದಿಂದ ತೆಗೆದಿದ್ದು, ಆಕಾಶದ ಎದುರು ಉಬ್ಬಿನ ಅಂಚೇ ಕಾಣುತ್ತಿದ್ದರೆ ನೆರಳಿನಿಂದ ಏನೂ ಆಗುವುದಿಲ್ಲ, ಅಲ್ಲಿ ಆಕಾರಕ್ಕೇ ಕೈ ಹಾಕಬೇಕಾಗುತ್ತದೆ.