ಜುಲು ವಂದನೆ: ಒಬ್ಬರಿಗೆ ಒಂದು, ಹಲವರಿಗೆ ಇನ್ನೊಂದು

“ಡರ್ಬನ್‌ನ ಕಚೇರಿಯಲ್ಲಿ ಮೂವರಿಗೆ ‘ಸವುಬೋನ’ ಎಂದೆ. ಅದು ತಪ್ಪೇ? ಅವರು ‘ಯೇಬೊ’ ಎಂದದ್ದೇಕೆ?”

ದಕ್ಷಿಣ ಆಫ್ರಿಕಾದ ಜುಲು ಭಾಷೆಯಲ್ಲಿ ‘ಸವುಬೋನ’ ಒಬ್ಬರಿಗೆ ಮಾತ್ರ ಸಲ್ಲುವ ವಂದನೆ; ಮೂವರಿದ್ದಲ್ಲಿ ‘ಸನಿಬೊನಾನಿ’ ಎನ್ನಬೇಕಿತ್ತು. ‘ಯೇಬೊ’ ಎಂದರೆ ‘ಹೌದು’. ವಂದನೆಯನ್ನು ಸ್ವೀಕರಿಸಿದೆವೆಂದು ತಿಳಿಸುವ ವಾಡಿಕೆಯ ಉತ್ತರವೇ ಅದು, ಆದ್ದರಿಂದ ಅವರು ನಿಮ್ಮನ್ನು ಸರಿಯಾಗಿಯೇ ಬರಮಾಡಿಕೊಂಡಿದ್ದಾರೆ.

ಕಲಿಯುವವರು ಎಡವುವುದು ಮರುವಂದನೆಯಲ್ಲಿ. ಕೇಳಿಸಿಕೊಂಡ ರೂಪವನ್ನೇ ಹಿಂತಿರುಗಿಸಬಾರದು. ಎದುರಿಗೆ ಎಷ್ಟು ಜನರಿದ್ದಾರೆ ಎಂಬುದನ್ನು ನೋಡಿ ರೂಪವನ್ನು ಆರಿಸಬೇಕು. ನೀವು ಒಬ್ಬರೇ ಒಳಗೆ ಬಂದು ‘ಸನಿಬೊನಾನಿ’ ಎಂದರೆ, ಆ ಮೂವರು ನಿಮಗೆ ‘ಯೇಬೊ, ಸವುಬೋನ’ ಎನ್ನುತ್ತಾರೆ, ಏಕೆಂದರೆ ಅವರ ಮುಂದಿರುವವರು ನೀವೊಬ್ಬರೇ.

ಕ್ಷೇಮ ವಿಚಾರಿಸುವಾಗಲೂ ಇದೇ ಕ್ರಮ: ಅವರನ್ನು ‘ನಿಂಜಾನಿ?’ ಎಂದು ಕೇಳಿದರೆ, ಅವರು ‘ಸಿಯಪೀಲ, ವೇನ ಉಂಜಾನಿ?’, ಅಂದರೆ ‘ನಾವು ಚೆನ್ನಾಗಿದ್ದೇವೆ, ನೀನು ಹೇಗಿದ್ದೀಯ?’ ಎನ್ನುತ್ತಾರೆ, ಆಗ ನಿಮ್ಮ ಉತ್ತರ ‘ನ್ಗಿಯಪೀಲ’, ‘ನಾನು ಚೆನ್ನಾಗಿದ್ದೇನೆ’. ಇಲ್ಲಿ ‘ಸಿ’ ನಾವು, ‘ನ್ಗಿ’ ನಾನು. ‘ನಿ’ ಹಲವರಿಗೆ, ‘ಉ’ ಒಬ್ಬರಿಗೆ.

ಒಬ್ಬರೇ ಇದ್ದರೂ ಯಾರಾದರೂ ‘ನಿಂಜಾನಿ?’ ಎಂದು ಕೇಳಿದರೆ ಅದನ್ನು ತಪ್ಪೆಂದು ಎಣಿಸಬೇಡಿ. ಹಾಗೆ ಕೇಳುವಾಗ ನಿಮ್ಮ ಮನೆಯವರ ಕ್ಷೇಮವನ್ನೂ ವಿಚಾರಿಸುತ್ತಿರುತ್ತಾರೆ, ಅದಕ್ಕೆ ‘ಸಿಯಪೀಲ’ ಎಂದೇ ಉತ್ತರಿಸಬಹುದು.